‘ಪಾಸ್‌ವರ್ಡ್ ಮರೆತೆ’ ಎಂದವರು ಯಾರು?

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಇಮೇಲ್‌ಗೆ ಕಾಲೇಜು ಹುಡುಗನೊಬ್ಬ ನುಗ್ಗಿದ. ಹಳೆಯ ಪಾಸ್‌ವರ್ಡ್ ಅವನಿಗೆ ಗೊತ್ತೇ ಇರಲಿಲ್ಲ. ಮರೆತಿದೆ ಎಂದು ಹೇಳಿ ಹೊಸದೊಂದನ್ನು ಇಟ್ಟುಕೊಂಡ, ಅಷ್ಟೆ. ಯಾಹೂ ಕೇಳಿದ್ದು ಹುಟ್ಟಿದ ದಿನ, ಊರಿನ ಪಿನ್‌ಕೋಡ್, ಗಂಡನನ್ನು ಭೇಟಿಯಾದ ಜಾಗ. ಮೊದಲೆರಡು ಅಂತರ್ಜಾಲದಲ್ಲೇ ಇದ್ದವು. ಮೂರನೆಯದನ್ನು ಊಹಿಸಿದ: ವಸಿಲ್ಲಾ ಹೈಸ್ಕೂಲ್.

ಸಿಬ್ಬಂದಿ ಐಟಿ ವಿಭಾಗಕ್ಕೆ ಫೋನ್ ಮಾಡದೆ ತಾವೇ ಪಾಸ್‌ವರ್ಡ್ ಬದಲಿಸಿಕೊಳ್ಳುವ ವ್ಯವಸ್ಥೆ ಈಗ ಅನೇಕ ಕಚೇರಿಗಳಲ್ಲಿದೆ. ಅದು ಹುಟ್ಟಿದ ದಿನಾಂಕ ಮತ್ತು ನೌಕರರ ಸಂಖ್ಯೆ ಕೇಳಿ ಬಾಗಿಲು ತೆರೆಯುವಂತಿದ್ದರೆ ಪೇಲಿನ್ ಕಥೆಯೇ ಮರುಕಳಿಸುತ್ತದೆ. ಸಂಖ್ಯೆ ಕೊರಳಿನ ಗುರುತಿನ ಚೀಟಿಯಲ್ಲಿರುತ್ತದೆ, ಹುಟ್ಟುಹಬ್ಬ ವಾಟ್ಸ್ಆ್ಯಪ್ ಗುಂಪಿನಲ್ಲಿ. ಇಂಥ ಪ್ರಶ್ನೆಗಳನ್ನು ಗೂಗಲ್ ಸಂಶೋಧಕರು 2015ರಲ್ಲಿ ಪರೀಕ್ಷಿಸಿದಾಗ, ಇಂಗ್ಲಿಷ್ ಬಳಕೆದಾರರ ‘ಇಷ್ಟದ ತಿಂಡಿ’ಯನ್ನು ಒಂದೇ ಊಹೆಯಲ್ಲಿ ಸರಿಯಾಗಿ ಹೇಳುವ ಸಾಧ್ಯತೆ ಶೇ 19.7 ಇತ್ತು. ಅದೇ ಹೊತ್ತಿಗೆ, ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ ಶೇ 40 ಮಂದಿಗೆ ತಾವೇ ಕೊಟ್ಟ ಉತ್ತರ ನೆನಪಿಗೆ ಬರಲಿಲ್ಲ! ಕಳ್ಳನಿಗೆ ಸುಲಭ, ಯಜಮಾನನಿಗೆ ಕಷ್ಟ.

ಹಾಗಾಗಿ ತಲೆಯಲ್ಲಿರುವುದನ್ನು ಬಿಟ್ಟು ಕೈಯಲ್ಲಿರುವುದನ್ನು ಕೇಳಬೇಕು: ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ ಕೋಡ್, ಎಸ್‌ಎಂಎಸ್ ಒಟಿಪಿ, ಖಾಸಗಿ ಇಮೇಲ್, ಕಚೇರಿಯ ಸ್ಥಿರ ದೂರವಾಣಿ. ಕೋಡನ್ನು ಕಚೇರಿಯ ಇಮೇಲ್‌ಗೇ ಕಳಿಸಿದರೆ ಪ್ರಯೋಜನವಿಲ್ಲ. ಅದನ್ನು ತೆರೆಯಲು ಬೇಕಾದ ಪಾಸ್‌ವರ್ಡೇ ಮರೆತುಹೋಗಿದೆಯಲ್ಲ.

ಇವುಗಳಲ್ಲಿ ಒಂದು ಸಾಕೇ? ಮೈಕ್ರೋಸಾಫ್ಟ್‌ನ ಎಂಟ್ರಾ ವ್ಯವಸ್ಥೆಯಲ್ಲಿ ಸಾಮಾನ್ಯ ನೌಕರನಿಗೆ ಒಂದೋ ಎರಡೋ ಎಂಬುದನ್ನು ಕಚೇರಿಯೇ ನಿರ್ಧರಿಸಬಹುದು. ಆಡಳಿತಾಧಿಕಾರ ಇರುವ ಖಾತೆಗಳಿಗೆ ಮಾತ್ರ ಎರಡು ಕಡ್ಡಾಯ, ಅವುಗಳಲ್ಲಿ ಪ್ರಶ್ನೋತ್ತರಕ್ಕೆ ಜಾಗವಿಲ್ಲ. ಸಂಬಳ, ಲೆಕ್ಕಪತ್ರ ನೋಡಿಕೊಳ್ಳುವವರಿಗೂ ಎರಡೇ ಇರಲಿ ಎನ್ನುವುದು ವಿವೇಕ. ಒಟಿಪಿ ಒಂದನ್ನೇ ನಂಬಿದರೆ, ಇನ್ನೊಬ್ಬರ ಹೆಸರಿನಲ್ಲಿ ನಕಲಿ ಸಿಮ್ ಪಡೆದವನು ಒಳಗೆ ಬಂದುಬಿಡುತ್ತಾನೆ.

ಆದರೆ ಆ್ಯಪ್ ಮತ್ತು ಎಸ್‌ಎಂಎಸ್ ಎರಡೂ ಇರುವುದು ಒಂದೇ ಫೋನಿನಲ್ಲಿ. ಲೆಕ್ಕಪತ್ರ ವಿಭಾಗದ ಗುಮಾಸ್ತೆಯೊಬ್ಬರು ಬಸ್ಸಿನಲ್ಲಿ ಫೋನ್ ಕಳೆದುಕೊಂಡರು ಎನ್ನಿ. ಎರಡು ಪರೀಕ್ಷೆಗಳೂ ಒಟ್ಟಿಗೇ ಹೋದವು. ಮೇಜಿನ ದೂರವಾಣಿಯನ್ನೋ ಖಾಸಗಿ ಇಮೇಲನ್ನೋ ಮೊದಲೇ ನೋಂದಾಯಿಸಿದ್ದರೂ ಅವರ ಬಳಿ ಉಳಿಯುವುದು ಒಂದೇ.

ಆಗ ಅವರು ಹೆಲ್ಪ್‌ಡೆಸ್ಕ್‌ಗೇ ಹೋಗಬೇಕು, ಮೋಸಗಾರ ಕಾದಿರುವುದೂ ಅಲ್ಲೇ. 2023ರಲ್ಲಿ ಲಾಸ್ ವೇಗಸ್‌ನ ಎಂಜಿಎಂ ರೆಸಾರ್ಟ್ಸ್ ಮೇಲೆ ದಾಳಿ ಮಾಡಿದವರು ನೌಕರನ ಸೋಗಿನಲ್ಲಿ ಹೆಲ್ಪ್‌ಡೆಸ್ಕ್‌ಗೆ ಕರೆ ಮಾಡಿ ಒಳನುಗ್ಗಿದರೆಂದು ವರದಿಯಾಯಿತು. ಕಂಪನಿ ಹೇಳಿಕೊಂಡ ನಷ್ಟ ಸುಮಾರು 10 ಕೋಟಿ ಡಾಲರ್. ಆದ್ದರಿಂದ ಗುಮಾಸ್ತೆಯ ದನಿ ಪರಿಚಿತವೆನಿಸಿದರೂ ಫೋನಿನಲ್ಲಿ ಪಾಸ್‌ವರ್ಡ್ ಹೇಳಬಾರದು. ಅವರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರಬೇಕು, ಇಲ್ಲವೆ ಅವರ ಮೇಲಧಿಕಾರಿಗೆ ಕಚೇರಿ ಕಡತದಲ್ಲಿರುವ ಸಂಖ್ಯೆಗೆ ತಿರುಗಿ ಕರೆ ಮಾಡಿ ವಿಚಾರಿಸಬೇಕು. ಖಾತ್ರಿಯಾದ ಮೇಲೆ, ಎಂಟ್ರಾದಲ್ಲಾದರೆ, ಮಾಮೂಲಿಯಾಗಿ ಒಂದು ತಾಸು ಮಾತ್ರ ನಡೆಯುವ ತಾತ್ಕಾಲಿಕ ಪಾಸ್ ಕೊಡಬಹುದು. ಅಷ್ಟರಲ್ಲಿ ಅವರು ಹೊಸ ಫೋನನ್ನು ನೋಂದಾಯಿಸಿಕೊಳ್ಳುತ್ತಾರೆ.