ಹೌರಾದಲ್ಲಿ ಒಡೆದ ಕನ್ನಡಕ

ಹೌರಾ ನಿಲ್ದಾಣದ ನೂಕುನುಗ್ಗಲಲ್ಲಿ ಕನ್ನಡಕ ಬಿದ್ದು ಒಡೆಯಿತು. ಮೈನಸ್ ನಾಲ್ಕರ ನನ್ನ ಕಣ್ಣಿಗೆ ರೈಲಿನ ಫಲಕವೆಲ್ಲ ಮಸುಕು. ಮೊಬೈಲ್ ಕ್ಯಾಮೆರಾದಲ್ಲಿ ಅದನ್ನು ಹಿಗ್ಗಿಸಿ, ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿಕೊಂಡೆ.

ಚೂರುಗಳನ್ನು ಎಸೆಯಲಿಲ್ಲ. ಸೇತುವೆಯಾಚೆಯ ಕನ್ನಡಕದಂಗಡಿಯವರು ಅವನ್ನು ಲೆನ್ಸೋಮೀಟರ್‌ನಲ್ಲಿಟ್ಟು ಪವರ್ ಹೇಳಿದರು. ಆದರೆ ಸಿಲಿಂಡರ್ ಪವರ್ ಇದ್ದ ಬಲಗಾಜು ಫ್ರೇಮಿನಿಂದ ಕಳಚಿತ್ತು. ಅದು ಯಾವ ಕೋನದಲ್ಲಿ ಕೂತಿತ್ತೆಂದು ತಿಳಿಯದೆ ಮತ್ತೆ ಕಣ್ಣು ಪರೀಕ್ಷಿಸಬೇಕಾಯಿತು. ಸಾದಾ ಲೆನ್ಸ್ ಆದ್ದರಿಂದ ಸಂಜೆಗೇ ಸಿಕ್ಕಿತು. ಪ್ರೋಗ್ರೆಸಿವ್ ಆಗಿದ್ದರೆ ದಿನಗಟ್ಟಲೆ ಕಾಯಬೇಕಿತ್ತು.

ಈಗ ಊರಿಗೆ ಹೊರಟಾಗಲೆಲ್ಲ ಇನ್ನೊಂದು ಜೋಡಿ ಗಟ್ಟಿ ಡಬ್ಬಿಯಲ್ಲಿ, ಸೂಟ್‌ಕೇಸಿನಲ್ಲಲ್ಲ, ಹೆಗಲ ಚೀಲದಲ್ಲೇ ಇರುತ್ತದೆ. ಹಳೆಯದೇ ಆದರೂ ಸರಿ, ಈಗಿನ ಪವರ್‌ಗೆ ಹೊಂದಬೇಕಷ್ಟೆ. ಆಕ್ಸಿಸ್, ಎರಡು ಕಣ್ಣುಗಳ ನಡುವಣ ಅಂತರ ಎರಡೂ ಬರೆದಿರುವ ಚೀಟಿಯ ಫೋಟೊ ನನ್ನ ಮೊಬೈಲಿನಲ್ಲೂ ಇದೆ, ಮನೆಯವರ ಮೊಬೈಲಿನಲ್ಲೂ ಇದೆ.