ಬೆಟ್ಟದ ಬೆಳ್ಳಿ, ಸಂತೆಯ ಬೆಲೆ

1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ಅದು ಹಡಗೇರಿ ಸೆವಿಲ್ ಬಂದರು ಸೇರಿತು, ನಾಣ್ಯವಾಗಿ ಸ್ಪೇನಿನ ಸಂತೆಗಳಲ್ಲಿ ಹರಿದಾಡಿತು. 16ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಬೆಲೆಗಳು ಹೆಚ್ಚುಕಡಿಮೆ ನಾಲ್ಕು ಪಟ್ಟಾಗಿದ್ದವು. ವರ್ಷಕ್ಕೆ ಹಂಚಿದರೆ ಇದು ಶೇ 1.5ರಷ್ಟೂ ಆಗದು. ನಮಗೆ ಇದು ಪುಣ್ಯಕಾಲ ಎನ್ನಿಸಬಹುದು. ಆದರೆ ಅಂದಿನವರು ಕಂಗಾಲಾದರು.

ಸಾಲಮಾಂಕದಲ್ಲಿ ಪಾಠ ಹೇಳಿದ್ದ ಪಾದ್ರಿ ಮಾರ್ಟಿನ್ ಡಿ ಅಸ್ಪಿಲ್‌ಕ್ಯುಯೆಟ 1556ರಲ್ಲೇ ಇದರ ಕಾರಣ ಬರೆದಿಟ್ಟ. ಹಣ ಕಡಿಮೆಯಿರುವ ಫ್ರಾನ್ಸಿನಲ್ಲಿ ರೊಟ್ಟಿ, ಬಟ್ಟೆ, ಕೂಲಿ ಎಲ್ಲವೂ ಅಗ್ಗ. ಹಣ ತುಂಬಿರುವ ಸ್ಪೇನಿನಲ್ಲಿ ದುಬಾರಿ ಎಂಬುದು ಅವನ ವಾದ. ಇದೇ ಹಣದ ಪರಿಮಾಣ ಸಿದ್ಧಾಂತದ ಬೀಜ. ಇಂದು ಅರ್ಥಶಾಸ್ತ್ರಜ್ಞರು ಅದನ್ನು ಹೀಗೆ ಬರೆಯುತ್ತಾರೆ:

MV = PY

M ಎಂದರೆ ಚಲಾವಣೆಯಲ್ಲಿರುವ ಹಣ, V ಅದು ವರ್ಷದಲ್ಲಿ ಎಷ್ಟು ಸಲ ಕೈ ಬದಲಾಯಿಸುತ್ತದೆ ಎಂಬ ವೇಗ, P ಬೆಲೆಯ ಮಟ್ಟ, Y ಉತ್ಪಾದನೆ. ಹಣ ಶೇ 8ರಷ್ಟು, ಉತ್ಪಾದನೆ ಶೇ 5ರಷ್ಟು ಬೆಳೆದು, ವೇಗ ಇದ್ದಂತೆಯೇ ಇದ್ದರೆ ಬೆಲೆ ಸುಮಾರು ಶೇ 3ರಷ್ಟು ಏರುತ್ತದೆ. ಸಮೀಕರಣ ಲೆಕ್ಕದ ಪ್ರಕಾರ ಯಾವಾಗಲೂ ಸರಿಯೇ, ಅದರಲ್ಲಿ ವಾದಕ್ಕೆ ಏನೂ ಇಲ್ಲ. ವಾದವಿರುವುದು V ಸ್ಥಿರವಾಗಿರುತ್ತದೆ, ಬಹುಕಾಲದಲ್ಲಿ Y ಹಣವನ್ನಲ್ಲ, ಭೂಮಿ, ದುಡಿಮೆ, ಯಂತ್ರಗಳನ್ನು ನಂಬಿದೆ ಎಂಬ ಎರಡು ಊಹೆಗಳಲ್ಲಿ.

ಸ್ಪೇನಿನ ಕತೆಯೂ ಪೂರ್ತಿ ನೇರವಾಗಿಲ್ಲ. ಪೊಟೊಸಿಯ ಬೆಳ್ಳಿ ಬರುವ ಮೊದಲೇ ಯುರೋಪಿನಲ್ಲಿ ಬೆಲೆ ಏರತೊಡಗಿತ್ತು. ಎಲ್ಲಕ್ಕೂ ಹಣವೊಂದೇ ಕಾರಣವಾಗಿದ್ದರೆ ಎಲ್ಲ ಬೆಲೆಗಳೂ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಆದರೆ ಯುರೋಪಿನ ಬಹುಭಾಗದಲ್ಲಿ ಧಾನ್ಯ ಬಹಳ ಏರಿತು, ಕೂಲಿ ಹಿಂದುಳಿಯಿತು. ತಿನ್ನುವ ಬಾಯಿ ಹೆಚ್ಚಿ, ಉಳುವ ಭೂಮಿ ಹೆಚ್ಚದಿದ್ದರೆ ಆಗುವುದೂ ಇದೇ. ಆದ್ದರಿಂದ ಬೆಳ್ಳಿಯ ಪಾಲು ದೊಡ್ಡದು ಎನ್ನಬಹುದು, ಪೂರ್ತಿ ಅದರದೇ ಎನ್ನಲಾಗದು.

ವೇಗವೂ ಕೈಕೊಡುತ್ತದೆ. ಅಮೆರಿಕದ ಫೆಡರಲ್ ರಿಸರ್ವ್‌ನ ಆಸ್ತಿಪಟ್ಟಿ 2008ರಲ್ಲಿದ್ದ ಸುಮಾರು 0.9 ಲಕ್ಷ ಕೋಟಿ ಡಾಲರ್‌ನಿಂದ 2014ಕ್ಕೆ ಸುಮಾರು 4.5 ಲಕ್ಷ ಕೋಟಿಗೆ ಏರಿತು. ಹಣದುಬ್ಬರ ಮಾತ್ರ ಮೆಲ್ಲಗೇ ಇತ್ತು. ಹೊಸ ಹಣದ ಬಹುಪಾಲು ಬ್ಯಾಂಕುಗಳ ಮೀಸಲು ಖಾತೆಯಲ್ಲೇ ಕುಳಿತಿತ್ತು, ಸಂತೆಗೆ ಬರಲಿಲ್ಲ.

ಹಣದ ಬೆಳವಣಿಗೆ ವರ್ಷಾನುಗಟ್ಟಲೆ ವಿಪರೀತವಾಗಿರುವ ದೇಶಗಳಲ್ಲಿ ಈ ನಂಟು ಕಣ್ಣಿಗೆ ಹೊಡೆಯುತ್ತದೆ. ಹಣದುಬ್ಬರ ಶೇ 10ರ ಒಳಗಿರುವಲ್ಲಿ ಅದು ಮಂಕಾಗುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ 1980ರ ದಶಕದಲ್ಲಿ ಹಣದ ಪ್ರಮಾಣಕ್ಕೇ ಗುರಿ ಇಟ್ಟುಕೊಂಡು, 1998ರಲ್ಲಿ ಅದನ್ನು ಬಿಟ್ಟಿತು. 2016ರಿಂದ ಅದರ ಗುರಿ ಹಣವಲ್ಲ, ನೇರವಾಗಿ ಶೇ 4ರ ಹಣದುಬ್ಬರ.