ಫ್ರಾನ್ಸ್‌ನಲ್ಲಿ ಎದೆ ನೋವು: ‘ಹೃದಯ’ ಅನ್ನಬೇಡಿ

ತಪ್ಪು ಕಲ್ಪನೆ: ಫ್ರೆಂಚಿನಲ್ಲಿ ‘ನೋವು’, ‘ಹೃದಯ’ ಎಂಬ ಎರಡು ಪದ ಗೊತ್ತಿದ್ದರೆ ಎದೆ ನೋವನ್ನು ವೈದ್ಯರಿಗೆ ತಿಳಿಸಬಹುದು.

ಸತ್ಯ: ಆ ಎರಡನ್ನು ಜೋಡಿಸಿ ‘ಜೆ ಮಾಲ್ ಓ ಕರ್’ ಎಂದರೆ ಫ್ರೆಂಚರ ಕಿವಿಗೆ ಬೀಳುವ ಅರ್ಥವೇ ಬೇರೆ. ವಾಕರಿಕೆ ಬರುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದು ಅವರು ತಿಳಿಯುತ್ತಾರೆ. ಬಸ್ಸಿನ ತಿರುವುಗಳಲ್ಲಿ ಮಗುವಿಗೆ ವಾಂತಿ ಬರುವಂತಾದರೂ ಅಲ್ಲಿ ಇದೇ ಮಾತು. ಎದೆ ನೋವಿಗೆ ಹೇಳಬೇಕಾದದ್ದು ‘ಜೆ ಮಾಲ್ ಆ ಲಾ ಪ್ವಾತ್ರಿನ್’. ಪ್ವಾತ್ರಿನ್ ಎಂದರೆ ಎದೆ.

ಎದುರಿಗೆ ವೈದ್ಯರಿದ್ದರೆ ತಪ್ಪು ಬೇಗ ಸರಿಹೋಗುತ್ತದೆ. ಎದೆಯ ಮೇಲೆ ಕೈಯಿಟ್ಟು ‘ಜೆ ಮಾಲ್ ಈಸಿ’, ಇಲ್ಲಿ ನೋವು, ಎಂದರೂ ನಡೆಯುತ್ತದೆ. ಫೋನಿನಲ್ಲಿ ಆ ಅನುಕೂಲವಿಲ್ಲ. ಫ್ರಾನ್ಸ್‌ನಲ್ಲಿ ವೈದ್ಯಕೀಯ ತುರ್ತಿಗೆ 15ಕ್ಕೆ ಕರೆ ಮಾಡಬೇಕು. ಯುರೋಪಿನ ಸಾಮಾನ್ಯ ಸಂಖ್ಯೆ 112 ಕೂಡ ಕೆಲಸ ಮಾಡುತ್ತದೆ. 15ರಲ್ಲಿ ಮೊದಲು ಮಾತಾಡುವ ಸಿಬ್ಬಂದಿ ನಿಮ್ಮ ವಿಳಾಸ, ಫೋನ್ ಸಂಖ್ಯೆ ಬರೆದುಕೊಂಡು ಕರೆಯನ್ನು ವೈದ್ಯರಿಗೆ ಕೊಡುತ್ತಾರೆ. ಆಂಬುಲೆನ್ಸ್ ಕಳಿಸಬೇಕೆ, ವೈದ್ಯರಿರುವ ತುರ್ತು ವಾಹನವನ್ನೇ ಕಳಿಸಬೇಕೆ, ಸಲಹೆ ಸಾಕೆ ಎಂಬುದನ್ನು ಆ ವೈದ್ಯರು ನೀವು ಹೇಳಿದ್ದರ ಮೇಲೆಯೇ ತೀರ್ಮಾನಿಸುತ್ತಾರೆ. ಮೊದಲೇ ವಿಳಾಸ ಕೇಳುವುದರಿಂದ ಹೋಟೆಲ್‌ನ ವಿಳಾಸ ಬರೆದ ಚೀಟಿ ಕೈಯಲ್ಲಿರಲಿ.

ತಪ್ಪು ಕಲ್ಪನೆ: ಎಲ್ಲಿ ನೋವು ಎಂದು ಹೇಳಿದರೆ ಮುಗಿಯಿತು.

ಸತ್ಯ: ಎಷ್ಟು ಹೊತ್ತಿನಿಂದ ಎಂಬುದೂ ಅದೇ ವಾಕ್ಯದಲ್ಲಿ ಬರಬೇಕು. ಪ್ಯಾರಿಸ್‌ನಲ್ಲಿರುವ ಮಗಳ ಮನೆಗೆ ಮೈಸೂರಿನಿಂದ ಹೋದ ಅಪ್ಪನಿಗೆ ರಾತ್ರಿ ಎದೆ ಬಿಗಿಯುತ್ತಿದೆ ಎಂದುಕೊಳ್ಳಿ. ಮಗಳು ಊರಲ್ಲಿಲ್ಲ. ಅವರು ಹೇಳಬೇಕಾದದ್ದು: ‘ಜೆ ಮಾಲ್ ಆ ಲಾ ಪ್ವಾತ್ರಿನ್ ದಪ್ವಿ ಯುನರ್’, ಒಂದು ಗಂಟೆಯಿಂದ ಎದೆ ನೋಯುತ್ತಿದೆ. ‘ದಪ್ವಿ’ ಎಂದರೆ ‘ಇಂದ’. ಅದರ ಮುಂದೆ ಹೊತ್ತು ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಎದೆ ಹಿಂಡುತ್ತಿದ್ದರೆ ‘ಸಾ ಸೆರ್’ ಎಂದು, ಉರಿಯುತ್ತಿದ್ದರೆ ‘ಸಾ ಬ್ರೂಲ್’ ಎಂದು ಸೇರಿಸಬಹುದು.

ಹೃದಯಾಘಾತದಲ್ಲಿ ಕೆಲವರಿಗೆ ವಾಕರಿಕೆಯೂ ಬರುತ್ತದೆ. ಆಗ ‘ಮಾಲ್ ಓ ಕರ್’ ಸುಳ್ಳಲ್ಲ. ಆದರೆ ಪ್ವಾತ್ರಿನ್ ಮೊದಲು ಬರಲಿ, ವಾಕರಿಕೆ ಆಮೇಲೆ. ಮೊದಲು ವಾಕರಿಕೆಯೇ ಕೇಳಿಸಿದರೆ ಹೊಟ್ಟೆಯ ತೊಂದರೆ ಎಂದು ಭಾವಿಸುವ ಸಂಭವವಿದೆ.

ತಪ್ಪು ಕಲ್ಪನೆ: ವಾಕ್ಯವನ್ನು ತಡೆಯಿಲ್ಲದೆ ಒಪ್ಪಿಸುವಷ್ಟು ಬಾಯಿಪಾಠ ಮಾಡಿದರೆ ಒಳ್ಳೆಯದು.

ಸತ್ಯ: ಸರಾಗವಾಗಿ ಹೇಳಿದರೆ ಆ ಕಡೆಯವರು ನಿಮಗೆ ಫ್ರೆಂಚ್ ಬರುತ್ತದೆಂದು ತಿಳಿದು ವೇಗವಾಗಿ ಪ್ರಶ್ನೆ ಕೇಳಬಹುದು. ಬಿಡಿಬಿಡಿಯಾಗಿ, ನಿಧಾನವಾಗಿ ಹೇಳಿ. ಕೂಡಲೇ ‘ಜ ಪಾರ್ಲ್ ಆಂಗ್ಲೆ’, ನಾನು ಇಂಗ್ಲಿಷ್ ಮಾತಾಡುತ್ತೇನೆ, ಎಂದು ಸೇರಿಸಿ. ಇಂಗ್ಲಿಷ್ ಬಲ್ಲವರನ್ನು ಕರೆತರುವವರೆಗೆ ಕಾಯಿಸಿದರೂ ಫೋನ್ ಇಡಬೇಡಿ.